ಬಾಯಿಪಾಠ ಮಾಡುವ ಮಾಡೆಲ್

ಬೆಕ್ಕು ಯಾವುದು, ನಾಯಿ ಯಾವುದು ಎಂದು ಫೋಟೊ ನೋಡಿ ಹೇಳುವ ಮಾಡೆಲ್ ಒಂದನ್ನು ಫ್ರಾಂಸ್ವಾ ಶೋಲೆ 2017ರ ತಮ್ಮ ಪುಸ್ತಕದಲ್ಲಿ ಬೇಕೆಂದೇ ಕಡಿಮೆ ಚಿತ್ರಗಳಿಂದ ಕಟ್ಟಿದರು. ಕಲಿಕೆಗೆ 2,000 ಚಿತ್ರ, ನಡುನಡುವಿನ ತಪಾಸಣೆಗೆ ಅಂದರೆ ವ್ಯಾಲಿಡೇಷನ್‌ಗೆ 1,000, ಕೊನೆಯ ಪರೀಕ್ಷೆಗೆ 1,000.

ಕಲಿಕೆಯ ಚಿತ್ರಗಳನ್ನೆಲ್ಲ ಒಮ್ಮೆ ನೋಡಿ ಮುಗಿಸಿದರೆ ಒಂದು ಸುತ್ತು. ಸುತ್ತು ಸುತ್ತಿಗೂ ಅಂಕ ಗುರುತಿಸಿ ಎರಡು ಗೆರೆ ಎಳೆದಾಗ ರೋಗ ಕಾಣಿಸಿತು. ಕಲಿತ ಚಿತ್ರಗಳಲ್ಲಿ ಸರಿಯುತ್ತರ ಏರುತ್ತಾ ಶೇ. 100ರ ಹತ್ತಿರ ಹೋಯಿತು. ತಪಾಸಣೆಯದು ಶೇ. 70ರ ಆಸುಪಾಸಿನಲ್ಲೇ ನಿಂತಿತು. ತಪಾಸಣೆಯಲ್ಲಿ ತಪ್ಪಿನ ಅಳತೆಯಾದ 'ಲಾಸ್' ಸುಮಾರು ಐದನೇ ಸುತ್ತಿಗೇ ತಳ ಮುಟ್ಟಿತ್ತು. ಅಲ್ಲಿಂದಾಚೆಗೆ ಮಾಡೆಲ್ ಕಲಿಯುತ್ತಿರಲಿಲ್ಲ, ಬಾಯಿಪಾಠ ಮಾಡುತ್ತಿತ್ತು. ಇದೇ ಓವರ್‌ಫಿಟಿಂಗ್. ಎರಡೂ ಗೆರೆ ಕೆಳಗೇ ಉಳಿದಿದ್ದರೆ ಕಾಯಿಲೆ ಬೇರೆ: ಕಲಿಕೆಯೇ ಸಾಲದು.

ಶೋಲೆ ಎರಡು ಮದ್ದು ಕೊಟ್ಟರು. ಪ್ರತಿ ಚಿತ್ರವನ್ನೂ ಸ್ವಲ್ಪ ತಿರುಗಿಸಿ, ಹಿಗ್ಗಿಸಿ, ಎಡಬಲ ಮಗುಚಿ ಕೊಟ್ಟಿದ್ದರಿಂದ ಒಂದೇ ಚಿತ್ರ ಎರಡು ಸಲ ಬರುವುದು ತಪ್ಪಿತು. ಜೊತೆಗೆ ಡ್ರಾಪ್‌ಔಟ್: ಕಲಿಕೆಯ ವೇಳೆ ಒಂದು ಪದರದ ಅರ್ಧದಷ್ಟು ಮೌಲ್ಯಗಳನ್ನು ಯದ್ವಾತದ್ವಾ ಸೊನ್ನೆ ಮಾಡುವುದು. ಯಾವುದೋ ಒಂದೇ ಸುಳಿವಿಗೆ ಜೋತುಬೀಳಲು ಆಗ ಅವಕಾಶವಿಲ್ಲ. ಎರಡು ಗೆರೆಗಳು ಹತ್ತಿರ ಬಂದು, ತಪಾಸಣೆಯ ಅಂಕ ಸುಮಾರು ಶೇ. 82ಕ್ಕೆ ಏರಿತು.

ಗೆರೆಯನ್ನು ನಂಬುವ ಮೊದಲು ಒಂದನ್ನು ನೋಡಿಕೊಳ್ಳಿ. ಒಂದೇ ನಾಯಿಯ ಒಂದೇ ದಿನದ ಫೋಟೊಗಳು ಎರಡೂ ಗುಂಪಿಗೆ ಹಂಚಿಹೋಗಿದ್ದರೆ ಬಾಯಿಪಾಠಕ್ಕೂ ಒಳ್ಳೆಯ ಅಂಕ ಸಿಗುತ್ತದೆ. ತಪಾಸಣೆಯ ಅಂಕ ನೋಡಿ ನೋಡಿ ಮಾಡೆಲ್ ತಿದ್ದಿದರೆ ಆ ಅಂಕವೂ ಉಬ್ಬುತ್ತದೆ. ಹಾಗಾಗಿ ಕೊನೆಯ ಸಾವಿರ ಚಿತ್ರಗಳನ್ನು ಒಂದೇ ಸಲ, ಎಲ್ಲ ಮುಗಿದ ಮೇಲೆಯೇ ತೆರೆಯಿರಿ.