ಸೂತ್ರವನ್ನು ಬಿಟ್ಟು ಬೆಲೆಯನ್ನು ಕಳುಹಿಸುವ ಬಗೆ

ಎಕ್ಸೆಲ್ ಪುಸ್ತಕದ ಒಂದು ಸೆಲ್ಲಿನಲ್ಲಿ 11 ಎಂದು ಕಾಣುತ್ತಿದೆಯೆಂದು ಇಟ್ಟುಕೊಳ್ಳೋಣ. ಆ ಸೆಲ್ಲಿನಲ್ಲಿ ಇರುವುದೇನು? 11 ಎಂಬ ಸಂಖ್ಯೆ ಎಂದು ಯಾರಾದರೂ ಥಟ್ಟನೆ ಹೇಳಿಬಿಟ್ಟಾರು. ಆದರೆ ಅಲ್ಲಿ ಇರುವುವು ಮೂರು ಬೇರೆ ಬೇರೆ ವಸ್ತುಗಳು. 11 ಎಂಬುದು ಅವುಗಳಲ್ಲಿ ತೀರ ಮೇಲಿನ ತೊಗಟೆ ಮಾತ್ರ.

ಒಂದು ಕಾಲೇಜಿನ ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಅಧ್ಯಾಪಕರೊಬ್ಬರು ತಮ್ಮ ವಿಭಾಗದ 60 ವಿದ್ಯಾರ್ಥಿಗಳ ಕಿರುಪರೀಕ್ಷೆಯ ಅಂಕಗಳನ್ನು 30ರಿಂದ 20ಕ್ಕೆ ಇಳಿಸಿ ಪಟ್ಟಿ ಮಾಡಿದ್ದಾರೆ. A ಕಂಬಸಾಲಿನಲ್ಲಿ ನೋಂದಣಿ ಸಂಖ್ಯೆ, C ಕಂಬಸಾಲಿನಲ್ಲಿ 30ಕ್ಕೆ ಬಂದ ಅಂಕ, D ಕಂಬಸಾಲಿನಲ್ಲಿ ಇಳಿಸಿದ ಅಂಕ. ಮೊದಲನೆಯ ವಿದ್ಯಾರ್ಥಿಗೆ 17 ಅಂಕ ಬಂದಿದೆ. ಆಗ D2 ಸೆಲ್ಲಿನಲ್ಲಿ `=C2*20/30` ಎಂಬ ಸೂತ್ರವಿರುತ್ತದೆ. ಆ ಸೂತ್ರವನ್ನು ಕೊನೆಯ ಬಾರಿ ಲೆಕ್ಕ ಹಾಕಿದಾಗ ದೊರೆತ ಬೆಲೆ, ಎಂದರೆ 11.3333…, ಅದರ ಜೊತೆಯಲ್ಲೇ ಕಡತದಲ್ಲಿ ಶೇಖರವಾಗಿರುತ್ತದೆ. ದಶಮಾಂಶ ಬೇಡವೆಂದು ನಾವು ವಿಧಿಸಿದ್ದರೆ, ಆ ಬೆಲೆ ಕಣ್ಣಿಗೆ 11 ಎಂದು ತೋರುತ್ತದೆ. ಸೂತ್ರ, ಬೆಲೆ, ತೋರಿಕೆ ಎಂಬ ಈ ಮೂರರಲ್ಲಿ ನಡುವಣದನ್ನು ಮಾತ್ರ ಉಳಿಸಿಕೊಂಡು ಇನ್ನೊಬ್ಬರಿಗೆ ಕಳುಹಿಸುವುದು ಹೇಗೆಂಬುದೇ ಇಲ್ಲಿಯ ವಿಚಾರ.

ಸೂತ್ರಸಹಿತವಾಗಿಯೇ ಕಳುಹಿಸಿದರೆ ಆಗುವ ಕೇಡೇನು? ನಮ್ಮ ಪಟ್ಟಿಯ C ಕಂಬಸಾಲನ್ನು ಅಧ್ಯಾಪಕರು ಕೈಯಿಂದ ತುಂಬಿಸಿಲ್ಲ. ಕಚೇರಿಯ ದೊಡ್ಡ ಪಟ್ಟಿಯಿಂದ ತರಿಸಿಕೊಂಡಿದ್ದಾರೆ. C2ರಲ್ಲಿರುವ ಸೂತ್ರ ಇದು:

```
=VLOOKUP(A2,'D:\Office\[Internal.xlsx]Marks'!$A$2:$F$301,4,FALSE)
```

ಕಚೇರಿಯ ಆ ಪಟ್ಟಿಯಲ್ಲಿ ಕಾಲೇಜಿನ 300 ವಿದ್ಯಾರ್ಥಿಗಳ ನೋಂದಣಿ ಸಂಖ್ಯೆ, ಹೆಸರು, ವಿಭಾಗ, ಅಂಕ, ಹಾಜರಿ, ಪೋಷಕರ ಫೋನ್ ಸಂಖ್ಯೆ ಹೀಗೆ ಆರು ಕಂಬಸಾಲುಗಳಿವೆ. ಸೂತ್ರಕ್ಕೆ ಬೇಕಾದುದು ನಾಲ್ಕನೆಯದು ಒಂದೇ. ಆದರೆ ಸೂತ್ರದಲ್ಲಿ ಹೆಸರಿಸಿದ ಪ್ರದೇಶದ ನಕಲೊಂದನ್ನು ಎಕ್ಸೆಲ್ ಸಾಮಾನ್ಯವಾಗಿ ತನ್ನ ಕಡತದೊಳಗೇ ಇಟ್ಟುಕೊಳ್ಳುತ್ತದೆ. ಮೂಲ ಕಡತ ಕೈಗೆ ಸಿಗದಿರುವಾಗಲೂ ಲೆಕ್ಕ ನಡೆಯಲೆಂದು ಮಾಡಿದ ಏರ್ಪಾಡು ಅದು. 300 ಸಾಲು, 6 ಕಂಬಸಾಲು: ಒಟ್ಟು 1,800 ಸೆಲ್ಲುಗಳು. ಅರುವತ್ತು ಮಂದಿಯ ಅಂಕಪಟ್ಟಿಯೆಂದು ಕಳುಹಿಸಿದ ಕಡತದ ಗರ್ಭದಲ್ಲಿ ಮುನ್ನೂರು ಮನೆಗಳ ಫೋನ್ ಸಂಖ್ಯೆಗಳು ಕುಳಿತಿರುತ್ತವೆ! ಹಾಳೆಯ ಮೇಲೆ ಇದರ ಸುಳಿವೇ ಇರುವುದಿಲ್ಲ.

ಸಂಖ್ಯೆಗಳು ಕೆಡುವ ಭಯವೂ ಉಂಟು. `SUMIF`, `COUNTIF` ಮುಂತಾದ ಸೂತ್ರಗಳು ಮುಚ್ಚಿರುವ ಬೇರೊಂದು ಪುಸ್ತಕವನ್ನು ಓದಲಾರವು. ಕಡತವನ್ನು ಪಡೆದವರು ಮರುಗಣನೆ ಮಾಡಿಸಿದೊಡನೆ, ಅಂಕವಿದ್ದ ಜಾಗದಲ್ಲಿ `#VALUE!` ಎಂಬ ದೋಷಸೂಚಿ ಬಂದು ಕುಳಿತುಕೊಳ್ಳುತ್ತದೆ. `TODAY()` ಇರುವ ಸೆಲ್ಲಂತೂ ಯಾರೂ ಮುಟ್ಟದಿದ್ದರೂ ನಾಳೆ ಬೇರೆಯಾಗುತ್ತದೆ.

ಇನ್ನು ಪರಿಹಾರ. ಹಳೆಯ ಪುಸ್ತಕವನ್ನೇ ತೊಳೆದು ಶುಚಿಮಾಡುವ ಹಾದಿ ಒಂದು. ಹೊಸ ಪುಸ್ತಕಕ್ಕೆ ಬೆಲೆಗಳನ್ನು ಮಾತ್ರ ದಾಟಿಸುವ ಹಾದಿ ಇನ್ನೊಂದು. ಎರಡನೆಯದೇ ಲೇಸೆಂದು ನನ್ನ ಮತ. ಏಕೆಂದರೆ ಕೊಂಡಿಗಳು ಸೆಲ್ಲುಗಳಲ್ಲಿ ಮಾತ್ರ ಇರುವುದಿಲ್ಲ. ಪ್ರದೇಶಗಳಿಗೆ ಇಟ್ಟ ಹೆಸರುಗಳಲ್ಲಿ, ಆಯ್ಕೆಪಟ್ಟಿಗಳ ನಿಯಮಗಳಲ್ಲಿ, ನಕ್ಷೆಗಳಲ್ಲಿ, ಬಚ್ಚಿಟ್ಟ ಹಾಳೆಗಳಲ್ಲಿ ಅವು ಅಡಗಿರಬಲ್ಲವು. `Break Link` ಎಂಬ ಆಜ್ಞೆ ಸೆಲ್ಲುಗಳ ಸೂತ್ರಗಳನ್ನು ಬೆಲೆಗಳಾಗಿಸುತ್ತದೆ ನಿಜ. ಆದರೆ ಉಳಿದ ಮೂಲೆಗಳನ್ನೆಲ್ಲ ಅದು ಗುಡಿಸುತ್ತದೆಂಬ ಭರವಸೆಯಿಲ್ಲ. ಬರಿಯ ಬೆಲೆಗಳನ್ನು ಹೊಸ ಪುಸ್ತಕಕ್ಕೆ ಕೊಂಡೊಯ್ದರೆ ಇವು ಯಾವುವೂ ಬೆನ್ನು ಹತ್ತಲಾರವು.

ಮೊದಲು ಕಚೇರಿಯ ಮೂಲ ಕಡತವನ್ನೂ ನಮ್ಮ ಪಟ್ಟಿಯನ್ನೂ ಒಟ್ಟಿಗೆ ತೆರೆದು, `Ctrl+Alt+F9` ಒತ್ತಿ ಸಮಸ್ತ ಸೂತ್ರಗಳನ್ನೂ ಮರುಗಣನೆಗೆ ಒಳಪಡಿಸಬೇಕು. ಕೆಲವು ಪುಸ್ತಕಗಳಲ್ಲಿ ಸ್ವಯಂಗಣನೆಯನ್ನು ನಿಲ್ಲಿಸಿರುತ್ತಾರೆ. ಅಂಥಲ್ಲಿ ಕಾಣುವ ಬೆಲೆ ಎಂದಿನದೋ ಹಳಸಿದ ಬೆಲೆಯಾಗಿರಬಹುದು. ಬೆಲೆಗಳನ್ನು ದಾಟಿಸುವಾಗ ದೋಷಸೂಚಿಗಳೂ ಹಾಗೆಯೇ ದಾಟುವುದರಿಂದ `#N/A` ಮೊದಲಾದವು ಇದ್ದರೆ ಈಗಲೇ ಸರಿಪಡಿಸಬೇಕು. ಅನಂತರ ಖಾಲಿ ಸೆಲ್ಲೊಂದರಲ್ಲಿ `=SUM(D2:D61)` ಎಂದು ಬರೆದು, ಬಂದ ಮೊತ್ತವನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳಬೇಕು. ಇದು ನಮ್ಮ ಸಾಕ್ಷಿ.

ಇಲ್ಲಿ ಒಂದು ಕ್ಷಣ ನಿಂತು ತೋರಿಕೆಯ ವಿಚಾರವನ್ನು ಇತ್ಯರ್ಥ ಮಾಡಿಕೊಳ್ಳುವುದು ಅಗತ್ಯ. 17 ಅಂಕ ಪಡೆದವರು ಮೂವರಿದ್ದರೆ ಹಾಳೆಯಲ್ಲಿ 11, 11, 11 ಎಂದು ಕಾಣುತ್ತದೆ. ಮೊತ್ತ ಮಾತ್ರ 34! ಯಂತ್ರ ತಪ್ಪಿಲ್ಲ, ಅದು ಕೂಡಿಸಿದುದು ಮೂರು 11.3333ಗಳನ್ನು. ಸೂತ್ರ ಜೊತೆಗಿದ್ದಾಗ ಓದುವವರು ಕಾರಣವನ್ನು ಹುಡುಕಿಯಾರು. ಸೂತ್ರವನ್ನು ಕಿತ್ತುಹಾಕಿದ ಪಟ್ಟಿಯಲ್ಲಿ ಅದು ಬರಿಯ ತಪ್ಪಿನಂತೆಯೇ ಕಾಣುತ್ತದೆ. ಆದುದರಿಂದ ಪೂರ್ಣಾಂಕವನ್ನೇ ಕೊಡುವುದು ನಿಯಮವಾಗಿದ್ದರೆ, ಮೂಲದಲ್ಲಿಯೇ ಸೂತ್ರವನ್ನು `=ROUND(C2*20/30,0)` ಎಂದು ಬದಲಾಯಿಸಿ, ಸಾಕ್ಷಿಯ ಮೊತ್ತವನ್ನು ಮತ್ತೆ ಬರೆದುಕೊಳ್ಳಬೇಕು. ಹಾಗಲ್ಲದಿದ್ದರೆ ದಶಮಾಂಶಗಳನ್ನು ತೋರಿಸಿಯೇ ಕಳುಹಿಸಬೇಕು.

ಹಾಳೆಗೆ `Filter` ಹಾಕಿದ್ದರೆ ತೆಗೆದುಬಿಡಿ, ಇಲ್ಲವಾದರೆ ಕಾಣುವ ಸಾಲುಗಳಷ್ಟೇ ನಕಲಾಗುತ್ತವೆ. ಕೈಯಿಂದ ಮರೆಮಾಡಿದ ಕಂಬಸಾಲುಗಳದು ಇದಕ್ಕೆ ವಿರುದ್ಧವಾದ ಸ್ವಭಾವ. ಅವು ಮರೆಯಲ್ಲಿದ್ದುಕೊಂಡೇ ನಕಲಿನೊಡನೆ ಬರುತ್ತವೆ. ಬೇಕಾದ ಪ್ರದೇಶವನ್ನು ಮಾತ್ರ ಆಯ್ದು ನಕಲು ಮಾಡಿ, ಹೊಸ ಪುಸ್ತಕದಲ್ಲಿ `Ctrl+Alt+V` ಒತ್ತಿದರೆ `Paste Special` ಪೆಟ್ಟಿಗೆ ತೆರೆಯುತ್ತದೆ. ಅಲ್ಲಿ `Values and number formats` ಎಂಬುದನ್ನು ಆರಿಸಬೇಕು. ಬರಿಯ `Values` ಆರಿಸಿದರೆ ಬೆಲೆ ಬರುತ್ತದೆ, ಅದರ ಉಡುಪು ಬರುವುದಿಲ್ಲ. ಎಕ್ಸೆಲ್ ದಿನಾಂಕಗಳನ್ನು ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುವುದರಿಂದ, 2024ನೆಯ ಜನವರಿ 15 ಎಂಬುದು 45306 ಎಂದು ಬೆತ್ತಲೆಯಾಗಿ ನಿಲ್ಲುತ್ತದೆ.

ಗೈರುಹಾಜರಾದವರ ವಿಷಯದಲ್ಲಿ ಒಂದು ಸಣ್ಣ ತೊಡಕುಂಟು. ಅಂಥವರಿಗೆ ಏನೂ ಕಾಣದಿರಲೆಂದು ಸೂತ್ರದಲ್ಲಿ `""` ಬರೆದಿದ್ದರೆ, ದಾಟಿಸಿದ ಮೇಲೆ ಆ ಸೆಲ್ಲು ಖಾಲಿಯಂತೆ ಕಂಡರೂ ಖಾಲಿಯಲ್ಲ. ಅದರಲ್ಲಿ ಅಕ್ಷರವಿಲ್ಲದ ಪದವೊಂದಿದೆ. `COUNTA` ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಅಂಥ ಸೆಲ್ಲುಗಳನ್ನು ಆಯ್ದು `Delete` ಒತ್ತಿದರೆ ಸರಿಹೋಗುತ್ತದೆ.

ಇಷ್ಟೆಲ್ಲ ಏಕೆ, `CSV` ಕಡತವಾಗಿ ಉಳಿಸಿದರಾಗದೆ ಎಂದು ಕೇಳಬಹುದು. ಸೂತ್ರಗಳೇನೋ ಹೋಗುತ್ತವೆ. ಆದರೆ ಅಲ್ಲಿ ಎಕ್ಸೆಲ್ ಬರೆಯುವುದು ಬೆಲೆಯನ್ನಲ್ಲ, ತೋರಿಕೆಯನ್ನು. 11.3333 ಹೋಗಿ 11 ಉಳಿಯುತ್ತದೆ. ತೆರೆದಿದ್ದ ಹಾಳೆಯೊಂದನ್ನು ಬಿಟ್ಟು ಮಿಕ್ಕವೂ ಹೋಗುತ್ತವೆ.

ಕೊನೆಗೆ ಪರೀಕ್ಷೆ. ಹೊಸ ಪುಸ್ತಕದಲ್ಲಿ `Go To Special` ತೆರೆದು `Formulas` ಆರಿಸಿದಾಗ `No cells were found` ಎಂಬ ಉತ್ತರ ಬರಬೇಕು. ಪ್ರತಿ ಹಾಳೆಗೂ ಹೀಗೆ ಮಾಡಿ. ಬಳಿಕ D ಕಂಬಸಾಲಿನ ಮೊತ್ತವನ್ನು ಕೂಡಿಸಿ ಕಾಗದದ ಮೇಲಿನ ಸಾಕ್ಷಿಯೊಡನೆ ಹೋಲಿಸಿ ನೋಡಿ, ಆ ಮೊತ್ತದ ಸೂತ್ರವನ್ನು ಅಳಿಸಿಬಿಡಿ. ಪುಸ್ತಕವನ್ನು ಉಳಿಸಿ ಮುಚ್ಚಿದ ಮೇಲೆ, ಅದರ ಪ್ರತಿಯೊಂದನ್ನು ಮಾಡಿ ಹೆಸರಿನ ಕೊನೆಯ `.xlsx` ಅನ್ನು `.zip` ಎಂದು ಬದಲಾಯಿಸಿ ತೆರೆಯಿರಿ. ಎಕ್ಸೆಲ್ ಕಡತವೆಂಬುದು ಹಲವು ಚಿಕ್ಕ ಕಡತಗಳನ್ನು ಒತ್ತಿ ಕಟ್ಟಿದ ಗಂಟಷ್ಟೆ. ಅದರೊಳಗೆ `xl` ಎಂಬ ಕೋಶವಿರುತ್ತದೆ. ಅದರಲ್ಲಿ `externalLinks` ಎಂಬ ಒಳಕೋಶ ಕಂಡರೆ ಕಚೇರಿಯ ಪಟ್ಟಿಯ ಕೊಂಡಿ ಇನ್ನೂ ಎಲ್ಲೋ ಹಿಡಿದುಕೊಂಡಿದೆಯೆಂದು ಅರ್ಥ. ಕಾಣದಿದ್ದರೆ ಕಡತವನ್ನು ಕಳುಹಿಸಬಹುದು. ಮುಂದೆ ಕಚೇರಿಯ ಪಟ್ಟಿ ತಿದ್ದುಪಡಿಯಾದರೂ ಈ ಕಡತಕ್ಕೆ ಅದು ತಿಳಿಯದು. ಆದುದರಿಂದ ಯಾವ ದಿನದ ಬೆಲೆಗಳೆಂಬುದನ್ನು ಹಾಳೆಯ ತಲೆಯಲ್ಲಿ ಕೈಯಿಂದಲೇ ಬರೆಯಿರಿ, `TODAY()` ಇಂದಲ್ಲ.