ಡ್ಯೂ ಡೇಟ್ ಯಾವುದು: ಮುಟ್ಟಿನ ಲೆಕ್ಕದ್ದೋ, ಸ್ಕ್ಯಾನಿಂಗ್‌ನದೋ?

ಗರ್ಭಿಣಿಯ ಮೊದಲ ಸ್ಕ್ಯಾನಿಂಗ್ ರಿಪೋರ್ಟ್‌ನಲ್ಲಿ ಹೆರಿಗೆಯ ದಿನಾಂಕ ಸಾಮಾನ್ಯವಾಗಿ ಎರಡು ಕಡೆ ಇರುತ್ತದೆ. ಒಂದು ಕೊನೆಯ ಮುಟ್ಟಿನ ಲೆಕ್ಕದ್ದು, ಇನ್ನೊಂದು ಸ್ಕ್ಯಾನಿಂಗ್ ಯಂತ್ರ ಕೊಟ್ಟದ್ದು. ಎರಡೂ ಒಂದೇ ಆಗಿರುವುದು ಅಪರೂಪ. ನಾಲ್ಕು ದಿನದ ವ್ಯತ್ಯಾಸ ಇದ್ದರೆ ಡಾಕ್ಟರು ಗಮನಿಸದೆ ಮುಂದಕ್ಕೆ ಹೋಗುತ್ತಾರೆ. ಒಂಬತ್ತು ದಿನ ಇದ್ದರೆ ಮೊದಲಿನ ದಿನಾಂಕ ಹೊಡೆದುಹಾಕಿ ಹೊಸದನ್ನು ಬರೆಯುತ್ತಾರೆ. ಮನೆಯವರಿಗೆ ಗೊಂದಲವಾಗುವುದು ಇಲ್ಲೇ.

ಮೊದಲು ಮುಟ್ಟಿನ ಲೆಕ್ಕ ನೋಡೋಣ. ಗರ್ಭ ಕಟ್ಟಿದ್ದು ಯಾವ ದಿನ ಎಂದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ, ಆದರೆ ಕೊನೆಯ ಸಲ ಮುಟ್ಟಾದದ್ದು ಯಾವಾಗ ಎಂಬುದು ನೆನಪಿರುತ್ತದೆ. ಹಾಗಾಗಿ ಆ ಮುಟ್ಟಿನ ಮೊದಲ ದಿನದಿಂದಲೇ ಎಣಿಕೆ ಶುರು. ಅಲ್ಲಿಂದ 280 ದಿನ, ಅಂದರೆ 40 ವಾರ. ಈ ಎಣಿಕೆಯ ಮೊದಲ ಎರಡು ವಾರಗಳಲ್ಲಿ ಆಕೆ ಗರ್ಭಿಣಿಯೇ ಆಗಿರುವುದಿಲ್ಲ. ಅಂಡಾಣು ಬಿಡುಗಡೆಯಾಗುವುದು ಸುಮಾರು 14ನೇ ದಿನ. 'ಎರಡು ತಿಂಗಳು' ಎಂದು ಡಾಕ್ಟರು ಹೇಳಿದಾಗ ಹೊಟ್ಟೆಯೊಳಗಿನ ಜೀವಕ್ಕೆ ಒಂದೂವರೆ ತಿಂಗಳು ಮಾತ್ರ ಆಗಿರುತ್ತದೆ.

ಬೆರಳಲ್ಲಿ ಎಣಿಸಲು ಒಂದು ಸುಲಭ ಸೂತ್ರವಿದೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಪ್ರಸೂತಿ ವೈದ್ಯರಾಗಿದ್ದ ಫ್ರಾನ್ಜ್ ನೇಗೆಲೆ ಅವರ ಹೆಸರಿನಲ್ಲಿ ಅದು ಪ್ರಸಿದ್ಧ. ಮುಟ್ಟಿನ ಮೊದಲ ದಿನಕ್ಕೆ ಏಳು ದಿನ ಸೇರಿಸಿ, ಮೂರು ತಿಂಗಳು ಹಿಂದಕ್ಕೆ ಹೋಗಿ, ವರ್ಷವನ್ನು ಸರಿಪಡಿಸಿಕೊಂಡರೆ ಆಯಿತು. ಕೊನೆಯ ಮುಟ್ಟು 2024ರ ಜೂನ್ 10ರಂದು ಆಗಿದ್ದರೆ, ಏಳು ಸೇರಿಸಿದಾಗ ಜೂನ್ 17, ಮೂರು ತಿಂಗಳು ಹಿಂದಕ್ಕೆ ಹೋದರೆ ಮಾರ್ಚ್ 17. ಹೆರಿಗೆಯ ನಿರೀಕ್ಷಿತ ದಿನ 2025ರ ಮಾರ್ಚ್ 17.

ಸೂತ್ರ ಸರಳ, ಆದರೆ ಅದು ಎಲ್ಲರ ತಿಂಗಳ ಚಕ್ರವೂ 28 ದಿನದ್ದೇ ಎಂದುಕೊಳ್ಳುತ್ತದೆ. ಚಕ್ರ 35 ದಿನದ್ದಾದರೆ ಅಂಡಾಣು ಬಿಡುಗಡೆಯಾಗುವುದು 14ನೇ ದಿನವಲ್ಲ, ಸುಮಾರು 21ನೇ ದಿನ. ಅಲ್ಲಿಗೇ ಒಂದು ವಾರದ ತಪ್ಪು. ಪಿಸಿಒಡಿ ಇರುವವರಲ್ಲಿ, ಮಗುವಿಗೆ ಎದೆಹಾಲು ಕೊಡುತ್ತಿರುವವರಲ್ಲಿ, ಗರ್ಭನಿರೋಧಕ ಮಾತ್ರೆಯನ್ನು ಈಚೆಗೆ ಬಿಟ್ಟವರಲ್ಲಿ ಈ ಲೆಕ್ಕ ಇನ್ನಷ್ಟು ಜಾರುತ್ತದೆ. ಗರ್ಭ ನಿಂತ ಮೇಲೆ ಸ್ವಲ್ಪ ರಕ್ತ ಕಂಡು, ಅದನ್ನೇ ಮುಟ್ಟು ಎಂದುಕೊಂಡವರಲ್ಲಿ ತಪ್ಪು ಇನ್ನೊಂದು ದಿಕ್ಕಿಗೆ ಹೋಗುತ್ತದೆ: ಗರ್ಭ ಲೆಕ್ಕಕ್ಕಿಂತ ದೊಡ್ಡದಿರುತ್ತದೆ.

ಇದನ್ನು ಸರಿಪಡಿಸುವುದು ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್. ಅಲ್ಲಿ ಅಳೆಯುವುದು ಭ್ರೂಣದ ಉದ್ದ, ನೆತ್ತಿಯಿಂದ ಪೃಷ್ಠದವರೆಗೆ. ರಿಪೋರ್ಟ್‌ನಲ್ಲಿ ಇದನ್ನು ಸಿಆರ್‌ಎಲ್ ಎಂದು ಬರೆದಿರುತ್ತಾರೆ. ಕಾಲುಗಳು ಮಡಚಿಕೊಂಡಿರುವುದರಿಂದ ಅವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಹಂತದಲ್ಲಿ ಎತ್ತರದ ತಂದೆತಾಯಿಯ ಮಗುವೂ ಕುಳ್ಳಗಿನವರ ಮಗುವೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ, ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಬೆಳೆಯುತ್ತವೆ. ಹಾಗಾಗಿ ಉದ್ದ ನೋಡಿ ವಯಸ್ಸು ಹೇಳಬಹುದು. ತಪ್ಪಿದರೂ ಐದರಿಂದ ಏಳು ದಿನದೊಳಗೆ. ಗ್ಲಾಸ್ಗೊದ ಹ್ಯೂ ರಾಬಿನ್ಸನ್ 1973ರಲ್ಲಿ ಈ ಅಳತೆಯನ್ನು ಪ್ರಕಟಿಸಿದರು. ಅವರ ಕೋಷ್ಟಕ ಇಂದಿಗೂ ಹಲವು ಯಂತ್ರಗಳಲ್ಲಿದೆ.

ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ಜೂನ್ 10ರಂದು ಮುಟ್ಟಾದಾಕೆ ಆಗಸ್ಟ್ 19ರಂದು ಸ್ಕ್ಯಾನಿಂಗ್‌ಗೆ ಬರುತ್ತಾಳೆ. ಮುಟ್ಟಿನ ಲೆಕ್ಕದಲ್ಲಿ ಅಂದಿಗೆ 70 ದಿನ, ಸರಿಯಾಗಿ ಹತ್ತು ವಾರ. ಪರದೆಯ ಮೇಲೆ ಭ್ರೂಣದ ಉದ್ದ 21 ಮಿಲಿಮೀಟರ್. ಕೋಷ್ಟಕದ ಪ್ರಕಾರ ಅದು ಎಂಟು ವಾರ ಐದು ದಿನದ ಗರ್ಭ. ವ್ಯತ್ಯಾಸ ಒಂಬತ್ತು ದಿನ. 'ನಿಮಗೆ ಪ್ರತಿ ತಿಂಗಳೂ ಸರಿಯಾಗಿ ಆಗುತ್ತಾ ಅಮ್ಮ?' ಎಂದು ಡಾಕ್ಟರು ಕೇಳಿದರೆ, 'ಇಲ್ಲ ಮೇಡಂ, ಐದಾರು ವಾರಕ್ಕೊಮ್ಮೆ' ಎಂಬ ಉತ್ತರ ಬರುತ್ತದೆ. ಕಾರಣ ಸಿಕ್ಕಿತು.

ಹೊಸ ದಿನಾಂಕ ಬೇಕೇ ಬೇಡವೇ ಎಂದು ತೀರ್ಮಾನಿಸಲು ಅಮೆರಿಕದ ಪ್ರಸೂತಿ ತಜ್ಞರ ಸಂಘಟನೆ ಎಸಿಒಜಿ ಒಂದು ಮಿತಿ ಹಾಕಿಕೊಟ್ಟಿದೆ. ಮುಟ್ಟಿನ ಲೆಕ್ಕದಲ್ಲಿ ಗರ್ಭಕ್ಕೆ ಒಂಬತ್ತು ವಾರ ತುಂಬಿಲ್ಲದಿದ್ದರೆ ಐದು ದಿನಕ್ಕಿಂತ ಹೆಚ್ಚು, ಒಂಬತ್ತರಿಂದ ಹದಿನಾಲ್ಕು ವಾರದೊಳಗೆ ಏಳು ದಿನಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಸ್ಕ್ಯಾನಿಂಗ್ ದಿನಾಂಕವನ್ನು ಹಿಡಿಯಬೇಕು. ಅದಕ್ಕಿಂತ ಕಡಿಮೆ ಇದ್ದರೆ ಮುಟ್ಟಿನ ದಿನಾಂಕವೇ ಇರಲಿ, ಏಕೆಂದರೆ ಅಷ್ಟು ತಪ್ಪು ಅಳತೆಯಲ್ಲೇ ಆಗಬಹುದು. ಭ್ರೂಣ ಮುದುಡಿಕೊಂಡಿದ್ದರೆ ಉದ್ದ ಕಡಿಮೆ ಬರುತ್ತದೆ, ಪಕ್ಕದ ಯೋಕ್ ಸ್ಯಾಕ್ ಸೇರಿಕೊಂಡರೆ ಹೆಚ್ಚು ಬರುತ್ತದೆ. ನಮ್ಮ ಉದಾಹರಣೆಯಲ್ಲಿ ವ್ಯತ್ಯಾಸ ಏಳು ದಾಟಿದೆ. ಹೆರಿಗೆಯ ದಿನ ಮಾರ್ಚ್ 17ರಿಂದ ಮಾರ್ಚ್ 26ಕ್ಕೆ ಹೋಗುತ್ತದೆ.

ಒಂಬತ್ತು ದಿನದಿಂದ ಏನಾಗುತ್ತದೆ ಎನ್ನಬಹುದು. ಹಳೆಯ ದಿನಾಂಕವನ್ನೇ ನಂಬಿದ್ದರೆ ಮಾರ್ಚ್ 24ಕ್ಕೆ 41 ವಾರ ತುಂಬಿದಂತೆ ಕಾಣುತ್ತದೆ. 'ದಿನ ಮೀರಿತು, ನೋವು ಬರಿಸೋಣ' ಎಂದು ಆಸ್ಪತ್ರೆಗೆ ಸೇರಿಸಿಕೊಳ್ಳುವ ಮಾತು ಬರುವುದು ಆಗಲೇ. ನಿಜಕ್ಕೂ ಅಂದಿಗೆ 39 ವಾರ ಐದು ದಿನ. ಕಾಯಲು ಇನ್ನೂ ಸಮಯವಿದೆ.

ಹಾಗೆ ಹಾಕಿಕೊಂಡ ದಿನಾಂಕವನ್ನು ಮತ್ತೆ ಮುಟ್ಟಬಾರದು. ಮುಂದಿನ ಪ್ರತಿ ಸ್ಕ್ಯಾನಿಂಗ್‌ನಲ್ಲೂ ಯಂತ್ರ ಆ ದಿನದ ಅಳತೆ ಹಿಡಿದು ಹೊಸದೊಂದು ದಿನಾಂಕ ಮುದ್ರಿಸುತ್ತದೆ. ಇದೇ ತಾಯಿಗೆ ಜನವರಿ 29ರಂದು 32 ವಾರ. ಅಂದು ಮಗುವಿನ ಅಳತೆ 30 ವಾರದಷ್ಟು ಬಂದರೆ ರಿಪೋರ್ಟ್‌ನಲ್ಲಿ ಏಪ್ರಿಲ್ 9 ಎಂದು ಇರುತ್ತದೆ. 'ಡೇಟ್ ಮುಂದಕ್ಕೆ ಹೋಯಿತು' ಎಂದು ಮನೆಯವರು ಸುಮ್ಮನಾದರೆ ಅಪಾಯ. ಈ ಹೊತ್ತಿಗೆ ಒಂದೊಂದು ಮಗುವಿನ ಬೆಳವಣಿಗೆ ಒಂದೊಂದು ಥರ. ಅಳತೆ ಈಗ ವಯಸ್ಸನ್ನಲ್ಲ, ಮಗು ಬೆಳೆಯುತ್ತಿರುವ ರೀತಿಯನ್ನು ಹೇಳುತ್ತದೆ. ಎರಡು ವಾರ ಹಿಂದೆ ಬಿದ್ದಿದೆ ಎಂದರೆ ಮಾಸುವಿನಿಂದ ಪೋಷಣೆ ಸಾಲುತ್ತಿದೆಯೇ ಎಂದು ಡಾಪ್ಲರ್ ಪರೀಕ್ಷೆಯಲ್ಲಿ ನೋಡಬೇಕು, ಎರಡು ವಾರ ಬಿಟ್ಟು ಮತ್ತೆ ಅಳೆಯಬೇಕು. ದಿನಾಂಕ ಬದಲಿಸಿಬಿಟ್ಟರೆ ಸಣ್ಣಗಾಗುತ್ತಿರುವ ಮಗು ಕಾಗದದ ಮೇಲೆ ಸರಿಯಾದ ತೂಕದ್ದಾಗಿ ಕಾಣುತ್ತದೆ.

ಇಷ್ಟೆಲ್ಲ ನಿಖರವಾಗಿ ಲೆಕ್ಕ ಹಾಕಿದರೂ ಅದೇ ದಿನ ಹುಟ್ಟುವುದು ನೂರರಲ್ಲಿ ನಾಲ್ಕೈದು ಮಕ್ಕಳು. 37 ವಾರ ತುಂಬಿತೇ, 41 ದಾಟಿತೇ ಎಂದು ಅಳೆಯಲು ಡ್ಯೂ ಡೇಟ್ ಬೇಕು. ನೋವು ಬರುವ ದಿನವನ್ನು ಅದು ಹೇಳುವುದಿಲ್ಲ.

ನಮ್ಮಲ್ಲಿ ಏಳೆಂಟನೇ ತಿಂಗಳಲ್ಲಿ ತವರಿಗೆ ಹೋಗುವವರು ಬಹಳ. ಅಲ್ಲಿನ ಡಾಕ್ಟರಿಗೆ ಆಕೆ ಹೊಸಬಳು. ಕೈಯಲ್ಲಿ ಈಚಿನ ರಿಪೋರ್ಟ್ ಮಾತ್ರ ಇದ್ದರೆ ಅವರು ತಡವಾದ ಅಳತೆಯಿಂದಲೇ ಊಹಿಸಬೇಕಾಗುತ್ತದೆ, ಆಗಿನ ತಪ್ಪು ಮೂರು ವಾರದವರೆಗೂ ಇರಬಹುದು. ಆದ್ದರಿಂದ ಒಪ್ಪಿಕೊಂಡ ದಿನಾಂಕವನ್ನು ತಾಯಿ ಕಾರ್ಡ್‌ನಲ್ಲಿ ಡಾಕ್ಟರಿಂದಲೇ ಬರೆಸಿಕೊಳ್ಳಿ. ಹೊರಡುವಾಗ ಬ್ಯಾಗಿಗೆ ಮೊದಲು ಹಾಕಿಕೊಳ್ಳಬೇಕಾದದ್ದು ಎಂಟೋ ಹತ್ತೋ ವಾರದಲ್ಲಿ ಮಾಡಿಸಿದ ಆ ಹಳೆಯ ಸ್ಕ್ಯಾನಿಂಗ್ ರಿಪೋರ್ಟನ್ನು.