ಲಿಲಾವಿನ ದರ, ಪಟ್ಟಿಯ ದರ: ಸಾಂಗ್ಲಿಯ ಒಂದು ಅಡತ ಅಂಗಡಿಯ ಜಗಳ ಮತ್ತು ಇತ್ಯರ್ಥ

ಹಿರಿಯ ನೌಕರರಿಬ್ಬರ ವೈಮನಸ್ಸಿನ ಬಗ್ಗೆ ಇವತ್ತು ಸಿದ್ಧಾಂತ ಹೇಳೋದಿಲ್ಲ. ಮಿರಜದಲ್ಲಿದ್ದುಕೊಂಡು ನಾನು ಇತ್ಯರ್ಥ ಮಾಡಿಸಿದ ಒಂದೇ ಪ್ರಕರಣ ಹೇಳ್ತೀನಿ. ಅಂಗಡಿಯ ಹೆಸರು ಬೇಡ.

ಸಾಂಗ್ಲಿ ಅರಿಸಿನದ ದೊಡ್ಡ ಪೇಟೆ. ಅಥಣಿ, ರಾಯಬಾಗ, ಜಮಖಂಡಿ ಕಡೆಯ ನಮ್ಮ ರೈತರೂ ಅಲ್ಲಿಗೆ ಮಾಲು ತರ್ತಾರೆ. ಅಡತ ಅಂಗಡಿಯವರು ಮಾಲನ್ನು ಲಿಲಾವಿಗೆ ಇಟ್ಟು, ತೂಕ ಮಾಡಿಸಿ, ಖರ್ಚು ಕಳೆದು ರೈತನಿಗೆ ಪಟ್ಟಿ ಕೊಡ್ತಾರೆ. ಈ ಅಂಗಡಿಯಲ್ಲಿ ಲಿಲಾವು ಮತ್ತು ತೂಕ ನೋಡುವವರನ್ನು ಹುಡುಗರು ‘ಕಾಕಾ’ ಅಂತಿದ್ದರು. ಲೆಕ್ಕ ಬರೆಯುವವರು ದಿವಾಣಜಿ. ಇಬ್ಬರದೂ 20 ವರ್ಷ ಮೀರಿದ ಸೇವೆ. ನಾನು ಹೋದಾಗ ಮೂರು ತಿಂಗಳಿಂದ ಮಾತು ಬಿಟ್ಟಿದ್ದರು. ಹುಡುಗರು ಇಬ್ಬರ ನಡುವೆ ಚೀಟಿ ಒಯ್ಯುವವರಾಗಿದ್ದರು, ಇಬ್ಬರಿಂದಲೂ ಬೈಸಿಕೊಳ್ಳುವವರೂ ಅವರೇ. ಒಬ್ಬ ರೈತ ನನ್ನೆದುರೇ ಕೇಳಿದ: “ನಮ್ಮ ರೊಕ್ಕದ ಮಾತು ಯಾರ ಕಡೆ ಆಡೂದ್ರಿ?”

ಸಾವಕಾರರು ಹೇಳಿದ್ದು, “ಅವರು ಕನ್ನಡದವರು, ಇವರು ಮರಾಠಿಯವರು, ಅದಕ್ಕೇ ಹೊಂದೋದಿಲ್ಲ” ಅಂತ. ಗಡಿ ಊರಿನಲ್ಲಿ ಈ ವಿವರಣೆ ಬಹಳ ಸುಲಭವಾಗಿ ಸಿಗ್ತದೆ. ನಾನು ಅದನ್ನು ಬದಿಗಿಟ್ಟು, ಇಬ್ಬರನ್ನೂ ಬೇರೆ ಬೇರೆ ದಿನ ಅಂಗಡಿಯಿಂದ ದೂರ, ಮಿರಜದಲ್ಲಿ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದೆ: “ಅವರು ಎಂಥವರು ಅನ್ನೋದು ಬೇಡ. ಕೊನೆಗೆ ಯಾವ ಪಟ್ಟಿಯ ಮೇಲೆ ಜಗಳ ಆಯ್ತು?” ಇಬ್ಬರೂ ಒಂದೇ ಪಟ್ಟಿ ಹೇಳಿದರು.

ಮಾಲು 12 ಕ್ವಿಂಟಲ್. ಲಿಲಾವಿನಲ್ಲಿ ಕ್ವಿಂಟಲಿಗೆ 14,000 ರೂಪಾಯಿ ಕೂಗಾಗಿತ್ತು. ತೂಕದ ಹೊತ್ತಿಗೆ ಚೀಲದ ತಳದಲ್ಲಿ ಹಸಿ ಕೊಂಬು ಕಂಡು, ಖರೀದಿದಾರ ಮಾಲು ಬೇಡ ಅಂದ. ಸವದಾ ಮುರಿಯಬಾರದು ಅಂತ ಕಾಕಾ ಅಲ್ಲೇ ನಿಂತು 300 ರೂಪಾಯಿ ಕಡಿತಕ್ಕೆ ಬಾಯಿಮಾತಿನಲ್ಲಿ ಒಪ್ಪಿದರು. ದಿವಾಣಜಿಯ ಕೈಗೆ ಕಾಗದ ಬರಲಿಲ್ಲ; ಅವರು 14,000ದಂತೆಯೇ ಪಟ್ಟಿ ಬರೆದರು. ಖರೀದಿದಾರ 13,700ರಂತೆ ಹಣ ಕೊಟ್ಟ. ಪಟ್ಟಿ ತಿದ್ದಿದಾಗ ರೈತನಿಗೆ 3,600 ರೂಪಾಯಿ ಕಡಿಮೆಯಾಯಿತು. ಅವನು ಕೂಗಾಡಿದ್ದು ಪಟ್ಟಿ ಕೊಟ್ಟ ಹುಡುಗನ ಮೇಲೆ.

ಆಮೇಲೆ ಆ ಹಂಗಾಮಿನ ತಿದ್ದಿದ ಪಟ್ಟಿಗಳನ್ನೆಲ್ಲ ತೆಗೆಸಿ ನೋಡಿದೆ. ಹೆಚ್ಚಿನವು ಇದೇ ಜಾತಿಯವು: ಲಿಲಾವಿನ ನಂತರದ ಕಡಿತ. ಮರಾಠಿ ರೈತರ ಪಟ್ಟಿಯಲ್ಲೂ ಅದೇ ತಪ್ಪು. ಅಂದ್ರೆ ಜಗಳ ಭಾಷೆಯದಲ್ಲ. ಲಿಲಾವು ಮತ್ತು ಪಟ್ಟಿಯ ನಡುವಿನ ಒಂದು ಕೆಲಸಕ್ಕೆ ಧಣಿಯೇ ಇರಲಿಲ್ಲ.

ಮೂರನೇ ಬೈಠಕ್ಕಿನಲ್ಲಿ ಇಬ್ಬರೂ ಎದುರುಬದುರು. ಮೊದಲು ಒಬ್ಬರ ಅಡಚಣೆಯನ್ನು ಇನ್ನೊಬ್ಬರು ಹೇಳಬೇಕು ಅಂತ ಕರಾರು ಮಾಡಿದೆ. ದಿವಾಣಜಿ ಅರ್ಧ ಗಂಟೆ ಸುಮ್ಮನಿದ್ದು ಅಂದರು: “ಮಾಲು ವಾಪಸ್ ಬಂದರೆ ಯಾರ್ಡಿನಲ್ಲಿ ಮಾನ ಹೋಗೋದು ಅವರದು.” ಕಾಕಾ ಅಂದರು: “ಲೆಕ್ಕ ತಪ್ಪಿದರೆ ಸಹಿ ಅವರದ್ರಿ.” ಅಲ್ಲಿಂದ ನಿಯಮ ಬರೆಯೋದು ಕಷ್ಟವಾಗಲಿಲ್ಲ. ಕಡಿತವಾದರೆ ಸ್ಥಳದಲ್ಲೇ ಚೀಟಿ. ಅದರ ಮೇಲೆ ಕಾಕಾ, ಖರೀದಿದಾರ, ರೈತ ಮೂವರ ಸಹಿ. ರೈತ ಒಪ್ಪದಿದ್ದರೆ ಕಡಿತವಿಲ್ಲ, ಮಾಲು ಮರುದಿನ ಮತ್ತೆ ಲಿಲಾವಿಗೆ. ಚೀಟಿ ಇಲ್ಲದ ಕಡಿತವನ್ನು ದಿವಾಣಜಿ ತಡೆಯಬಹುದು, ಆದರೆ ದರ ಬದಲಿಸುವಂತಿಲ್ಲ. ಇದನ್ನು ಹುಡುಗರಿಗೆ ಹೇಳಿದ್ದು ಆ ಇಬ್ಬರೇ, ಜೊತೆಗೆ ನಿಂತು. 3,600 ರೂಪಾಯಿಯನ್ನು ಅಂಗಡಿಯೇ ರೈತನಿಗೆ ತುಂಬಿಕೊಟ್ಟಿತು. ಅವನ ಒಪ್ಪಿಗೆ ಯಾರೂ ಕೇಳಿರಲಿಲ್ಲ.

ಒಂದು ಮಾತು ಸಾವಕಾರರಿಗೇ ಹೇಳಬೇಕಾಯಿತು. ಬೆಳಿಗ್ಗೆ ಚಹಾಕ್ಕೆ ಕಾಕಾನ ದೂರು, ಸಂಜೆ ದಿವಾಣಜಿಯ ದೂರು ಕೇಳಿ ಇಬ್ಬರಿಗೂ “ನಿನ್ನದು ಖರೇ” ಅಂತಿದ್ದವರು ಅವರೇ. ಇನ್ನು ಮುಂದೆ ದೂರನ್ನು ಇಬ್ಬರೂ ಇದ್ದಾಗ ಮಾತ್ರ ಕೇಳಬೇಕು ಅಂದೆ. ಅವರಿಗೆ ಸಿಟ್ಟು ಬಂತು, ಆದರೆ ಒಪ್ಪಿದರು.

ಒಂದು ಪ್ರಶ್ನೆ ಬಂದಿದೆ: “ಅವರಿಬ್ಬರೂ ಈಗ ದೋಸ್ತರಾ?” ಇಲ್ಲ. ಈಗಲೂ ಬೇರೆ ಬೇರೆ ಊಟ ಮಾಡ್ತಾರೆ. ನಾನು ನೋಡಿದ್ದು ಬೇರೆ ಗುರುತು: ತಿಂಗಳ ನಂತರ ಹೋದಾಗ ಹುಡುಗರು ಚೀಟಿ ಒಯ್ಯೋದು ನಿಂತಿತ್ತು. ರೈತ ಕೇಳಿದ್ದಕ್ಕೆ ಒಬ್ಬ ಹುಡುಗ ಅಂಜದೆ, “ದರಕ್ಕ ಕಾಕಾ, ಲೆಕ್ಕಕ್ಕ ದಿವಾಣಜಿ” ಅಂದ.

ಮಿತಿಯನ್ನೂ ಹೇಳಿಬಿಡ್ತೀನಿ. ಆ ಪಟ್ಟಿಗಳಲ್ಲಿ ಒಬ್ಬರು ಖರೀದಿದಾರನಿಂದ ಹಣ ತಿಂದದ್ದು ಕಂಡಿದ್ದರೆ, ಅಥವಾ ಹುಡುಗರ ಮೇಲೆ ಕೈ ಮಾಡಿದ್ದರೆ, ನಾನು ಇಬ್ಬರನ್ನು ಎದುರುಬದುರು ಕೂರಿಸುತ್ತಿರಲಿಲ್ಲ. ಅದು ರಾಜಿಯ ವಿಷಯವಲ್ಲ, ವಿಚಾರಣೆಯದು. ಅದಕ್ಕೇ ಪಟ್ಟಿ ಮೊದಲು, ಬೈಠಕ್ಕು ಆಮೇಲೆ.